ಫೋನಿನ ತಾರೀಖು ತಪ್ಪಿದರೆ ವಾಟ್ಸ್‌ಆ್ಯಪ್ ಏಕೆ ನಿಲ್ಲುತ್ತದೆ?

ಸಾಗರದ ನಮ್ಮ ದೊಡ್ಡಮ್ಮನ ಫೋನು ಇಪ್ಪತ್ತು ದಿನ ಚಾರ್ಜ್ ಇಲ್ಲದೆ ಕಪಾಟಿನಲ್ಲಿ ಮಲಗಿತ್ತು. ಚಾರ್ಜರ್ ಹಾಳಾಗಿತ್ತು, ಹೊಸದನ್ನು ತರುವವರು ಯಾರೂ ಪೇಟೆಗೆ ಹೋಗಿರಲಿಲ್ಲ. ಕೊನೆಗೂ ಚಾರ್ಜ್ ಮಾಡಿ, ಫೋನ್ ಆನ್ ಮಾಡಿ, ಮೊಮ್ಮಗುವಿನ ಮೂರು ಫೋಟೊ ತೆಗೆದು, ಅದನ್ನು ಕುಟುಂಬದ ಗುಂಪಿಗೆ ಕಳುಹಿಸಲು ವಾಟ್ಸ್‌ಆ್ಯಪ್ ತೆರೆದಾಗ ಪರದೆಯ ಮೇಲೆ ಈ ಸಾಲು ಬಂದಿತು: `Your phone date is inaccurate! Adjust your clock and try again.` ನಿಮ್ಮ ಫೋನಿನ ತಾರೀಖು ಸರಿಯಿಲ್ಲ, ಗಡಿಯಾರವನ್ನು ಸರಿಪಡಿಸಿ ಮತ್ತೆ ಪ್ರಯತ್ನಿಸಿ ಎಂಬುದು ಅದರ ಅರ್ಥ.

ನಾನು ಮನೆಗೆ ಕಾಲಿಡುತ್ತಿದ್ದಂತೆಯೇ ದೊಡ್ಡಮ್ಮ, "ಗ್ರೂಪೆಲ್ಲ ಹೋಯ್ತೇನೋ ಮಾರಾಯ?" ಎಂದರು. ಏನೂ ಹೋಗಿರಲಿಲ್ಲ. ಫೋನಿನ ತಾರೀಖು ಮಾತ್ರ 2019ರ ಆಗಸ್ಟ್ 5 ಎಂದು ತೋರಿಸುತ್ತಿತ್ತು. ಇಂಟರ್ನೆಟ್ ಇತ್ತು, ವೈ-ಫೈ ಗುರುತು ತುಂಬಿತ್ತು, ಕರೆಗಳೂ ಹೋಗುತ್ತಿದ್ದವು. ಹೀಗಿರುವಾಗ ಸಂದೇಶ ಕಳುಹಿಸುವ ಆ್ಯಪ್‌ಗೆ ತಾರೀಖಿನ ಗೊಡವೆ ಏಕೆ ಎಂಬ ಪ್ರಶ್ನೆ ಯಾರಿಗಾದರೂ ಬರುತ್ತದೆ. ಅದಕ್ಕೆ ಉತ್ತರ ಹುಡುಕಬೇಕಾದರೆ, ಫೋನು ಸಮಯವನ್ನು ಹೇಗೆ ಇಟ್ಟುಕೊಳ್ಳುತ್ತದೆ ಎಂಬಲ್ಲಿಂದ ಹೊರಡಬೇಕು.

ಫೋನಿನೊಳಗೆ ಗಡಿಯಾರ ಎಂದರೆ ಏನು?

ಫೋನಿನಲ್ಲಿ ಮುಳ್ಳುಗಳಿಲ್ಲ, ಒಂದು ಎಣಿಕೆ ಮಾತ್ರ ಇದೆ. 1970ರ ಜನವರಿ 1ರ ನಡುರಾತ್ರಿಯಿಂದ ಈವರೆಗೆ ಎಷ್ಟು ಸೆಕೆಂಡ್ ಕಳೆದಿದೆ ಎಂಬುದೇ ಆ ಎಣಿಕೆ. ಈ ನಡುರಾತ್ರಿ ನಮ್ಮೂರಿನದಲ್ಲ. ಜಗತ್ತಿಗೆಲ್ಲ ಸಾಮಾನ್ಯವಾದ ಯುಟಿಸಿ ಸಮಯದ್ದು. 2026ರ ಜನವರಿ 1 ಆರಂಭವಾದಾಗ ಈ ಎಣಿಕೆ 1767225600ಕ್ಕೆ ಬಂದಿತ್ತು. ಪರದೆಯ ಮೇಲೆ ನಾವು ಕಾಣುವ ತಾರೀಖು, ವಾರ, ಗಂಟೆ, ನಿಮಿಷಗಳೆಲ್ಲ ಈ ಒಂದೇ ಸಂಖ್ಯೆಯಿಂದ ಲೆಕ್ಕ ಹಾಕಿ ಬರೆದದ್ದು. ಭಾರತದ ಸಮಯ ಯುಟಿಸಿಗಿಂತ ಐದೂವರೆ ಗಂಟೆ ಮುಂದಿರುವುದರಿಂದ, ಎಣಿಕೆ ಪೂರಾ ಅಳಿಸಿ ಸೊನ್ನೆಗೆ ಬಂದ ಹಳೆಯ ಫೋನುಗಳು ನಮ್ಮಲ್ಲಿ 1970ರ ಜನವರಿ 1, ಬೆಳಗಿನ 5:30 ಎಂದು ತೋರಿಸುತ್ತವೆ. ನಡುರಾತ್ರಿ ಹನ್ನೆರಡರ ಬದಲು ಬೆಳಗಿನ ಜಾವದ ಈ ವಿಚಿತ್ರ ಹೊತ್ತು ಏಕೆ ಎಂದು ತಲೆ ಕೆಡಿಸಿಕೊಂಡವರಿಗೆ ಕಾರಣ ಇದೇ.

ಈ ಎಣಿಕೆಯನ್ನು ಮುಂದಕ್ಕೆ ತಳ್ಳುವುದು ಒಂದು ಸಣ್ಣ ಸ್ಫಟಿಕ. ಕೈಗಡಿಯಾರಗಳಲ್ಲಿ ಇರುವಂಥದೇ ಕ್ವಾರ್ಟ್ಜ್ ಸ್ಫಟಿಕ. ಸೆಕೆಂಡಿಗೆ 32,768 ಬಾರಿ ಕಂಪಿಸುತ್ತದೆ. ಎರಡನ್ನು ಹದಿನೈದು ಸಲ ಗುಣಿಸಿದರೆ ಬರುವ ಸಂಖ್ಯೆ ಇದಾದ್ದರಿಂದ, ಅದನ್ನು ಹದಿನೈದು ಬಾರಿ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಒಂದು ಸೆಕೆಂಡ್ ಸಿಗುತ್ತದೆ. ಫೋನನ್ನು ಆಫ್ ಮಾಡಿದಾಗಲೂ ಈ ಸ್ಫಟಿಕ ಮತ್ತು ಅದರ ಎಣಿಕೆಯ ಭಾಗ ಬ್ಯಾಟರಿಯಿಂದ ಬಹಳ ಸಣ್ಣ ಪ್ರಮಾಣದ ವಿದ್ಯುತ್ ಪಡೆದು ನಡೆಯುತ್ತಲೇ ಇರುತ್ತವೆ. ಹಾಗಾಗಿಯೇ ರಾತ್ರಿ ಆಫ್ ಮಾಡಿದ ಫೋನು ಬೆಳಗ್ಗೆ ಸರಿಯಾದ ಸಮಯದೊಂದಿಗೆ ಏಳುತ್ತದೆ.

ಸ್ಫಟಿಕ ತಪ್ಪುವುದಿಲ್ಲವೇ ಎಂದರೆ, ತಪ್ಪುತ್ತದೆ, ಆದರೆ ಸ್ವಲ್ಪವೇ. ಹತ್ತು ಲಕ್ಷದಲ್ಲಿ ಇಪ್ಪತ್ತು ಭಾಗದಷ್ಟು ಹೆಚ್ಚು ಕಡಿಮೆಯಾಗುವ ಸ್ಫಟಿಕ ದಿನಕ್ಕೆ ಸುಮಾರು 1.7 ಸೆಕೆಂಡ್ ತಪ್ಪುತ್ತದೆ. ತಿಂಗಳಿಗೆ ಒಂದು ನಿಮಿಷಕ್ಕಿಂತ ಕಡಿಮೆ, ವರ್ಷಕ್ಕೆ ಹತ್ತು ನಿಮಿಷದ ಆಸುಪಾಸು. ಹೀಗಾಗಿ ಫೋನಿನ ತಾರೀಖು ವರ್ಷಗಟ್ಟಲೆ ಹಿಂದೆ ಮುಂದೆ ಆಗಿದ್ದರೆ ಅದಕ್ಕೆ ಸ್ಫಟಿಕ ನಿಧಾನವಾದದ್ದು ಕಾರಣವಾಗಿರಲು ಸಾಧ್ಯವಿಲ್ಲ. ಒಂದೋ ಎಣಿಕೆಯ ಭಾಗಕ್ಕೆ ವಿದ್ಯುತ್ ಪೂರ್ತಿ ನಿಂತಿರಬೇಕು, ಇಲ್ಲವೇ ಯಾರಾದರೂ ಕೈಯಿಂದ ಬದಲಿಸಿರಬೇಕು. ದೊಡ್ಡಮ್ಮನ ಫೋನಿನಲ್ಲಿ ಹಳೆಯ ಬ್ಯಾಟರಿ ಇಪ್ಪತ್ತು ದಿನದಲ್ಲಿ ತಳದವರೆಗೆ ಬತ್ತಿ, ಎಣಿಕೆಯೇ ಅಳಿಸಿಹೋಗಿತ್ತು. ರಿಪೇರಿ ಅಂಗಡಿಯಲ್ಲಿ ಬ್ಯಾಟರಿ ಬಿಚ್ಚಿ ಬದಲಿಸಿದಾಗಲೂ ಹೀಗಾಗುವುದುಂಟು.

ಆದರೆ 1970 ಬರಬೇಕಾದಲ್ಲಿ 2019ರ ಆಗಸ್ಟ್ ಏಕೆ ಬಂದಿತು? ಆಂಡ್ರಾಯ್ಡ್ ಏಳುವಾಗ ಒಂದು ಸರಳ ತರ್ಕವನ್ನು ಅನುಸರಿಸುತ್ತದೆ. ತನ್ನನ್ನು ತಯಾರಿಸಿದ ದಿನಕ್ಕಿಂತ ಹಿಂದಿನ ದಿನ ಇಂದು ಆಗಿರಲು ಸಾಧ್ಯವೇ ಇಲ್ಲ ಎಂದು ಅದಕ್ಕೆ ಗೊತ್ತಿರುತ್ತದೆ. ಆದ್ದರಿಂದ ಗಡಿಯಾರ ಅದಕ್ಕಿಂತ ಹಿಂದಿನ ತಾರೀಖು ಹೇಳಿದರೆ, ಕನಿಷ್ಠ ಆ ತಯಾರಿಕೆಯ ದಿನದವರೆಗಾದರೂ ಅದನ್ನು ಮುಂದೆ ತರುತ್ತದೆ. ಸೆಟ್ಟಿಂಗ್ಸ್‌ನಲ್ಲಿ `About phone` ತೆರೆದು ನೋಡಿದೆ. `Android security patch level` ಎಂಬಲ್ಲಿಯೂ 2019ರ ಆಗಸ್ಟ್ ಎಂದೇ ಇತ್ತು. ಆ ಫೋನಿಗೆ ಕಂಪನಿಯಿಂದ ಕೊನೆಯ ಅಪ್‌ಡೇಟ್ ಬಂದದ್ದು ಆಗ. ತಪ್ಪಾಗಿ ಕಾಣುವ ತಾರೀಖು ಫೋನಿನ ಸಾಫ್ಟ್‌ವೇರ್ ತಿಂಗಳಿಗೆ ಹೊಂದಿದರೆ, ಯಾರೂ ಕೈಯಾಡಿಸಿಲ್ಲ, ವಿದ್ಯುತ್ ನಿಂತು ಎಣಿಕೆ ಅಳಿಸಿದೆ ಎಂದು ಹೆಚ್ಚುಕಡಿಮೆ ನಂಬಬಹುದು.

ಪಾಸ್ ನೋಡುವ ಕಂಡಕ್ಟರ್

ಈಗ ಸಂಪರ್ಕದ ವಿಷಯಕ್ಕೆ ಬರೋಣ. ಫೋನು ಇಂಟರ್ನೆಟ್‌ನಲ್ಲಿ ಯಾವುದೇ ಸರ್ವರ್ ಜೊತೆ ಗುಟ್ಟಾಗಿ ಮಾತಾಡುವ ಮೊದಲು, ಎದುರಿಗಿರುವುದು ನಿಜವಾಗಿಯೂ ಆ ಸರ್ವರೇ ಅಥವಾ ನಡುವೆ ಕುಳಿತ ಬೇರೆ ಯಾರಾದರೂ ಅದರ ಹೆಸರು ಹೇಳುತ್ತಿದ್ದಾರೆಯೇ ಎಂದು ಖಚಿತಪಡಿಸಿಕೊಳ್ಳಬೇಕಾಗುತ್ತದೆ. ಅದಕ್ಕಾಗಿ ಸರ್ವರ್ ತನ್ನ ಪ್ರಮಾಣಪತ್ರವನ್ನು ತೋರಿಸುತ್ತದೆ. ಆ ಪತ್ರದಲ್ಲಿ ಸರ್ವರಿನ ಹೆಸರು, ಅದರ ಕೀಲಿ, ಪತ್ರ ಕೊಟ್ಟ ಸಂಸ್ಥೆಯ ಸಹಿ ಮತ್ತು ಎರಡು ತಾರೀಖುಗಳು ಇರುತ್ತವೆ: ಯಾವ ದಿನದಿಂದ ಇದು ಚಾಲ್ತಿ, ಯಾವ ದಿನದವರೆಗೆ ಚಾಲ್ತಿ.

ಕೆಂಪು ಬಸ್ಸಿನಲ್ಲಿ ಹೋಗುವ ವಿದ್ಯಾರ್ಥಿಯ ಪಾಸನ್ನು ನೆನಪಿಸಿಕೊಳ್ಳಿ. ಕಂಡಕ್ಟರ್ ಪಾಸಿನ ಫೋಟೊ, ಹೆಸರು, ಮುದ್ರೆಯ ಜೊತೆಗೆ ಅವಧಿಯನ್ನೂ ನೋಡುತ್ತಾರೆ. ಅವಧಿ ಮುಗಿದಿದೆಯೇ ಎಂದು ತಿಳಿಯಲು ಅವರಿಗೆ ಇಂದಿನ ತಾರೀಖು ಗೊತ್ತಿರಲೇಬೇಕು. ಅದು ಪಾಸಿನಲ್ಲಿ ಬರೆದಿರುವುದಿಲ್ಲ. ಕಂಡಕ್ಟರ್ ಆರೇಳು ವರ್ಷ ಹಳೆಯ ಕ್ಯಾಲೆಂಡರನ್ನು ನಂಬಿದ್ದರೆ, ಎಲ್ಲ ರೀತಿಯಿಂದಲೂ ಸರಿಯಾಗಿರುವ ಪಾಸನ್ನು ನೋಡಿ, "ಇದಿನ್ನೂ ಶುರುವೇ ಆಗಿಲ್ಲ, ಇಳಿಯಪ್ಪ" ಎನ್ನುತ್ತಾರೆ. ಪಾಸು ಸರಿ, ಹುಡುಗ ಸರಿ, ತಪ್ಪಿರುವುದು ನೋಡುವವರ ತಾರೀಖು. ದೊಡ್ಡಮ್ಮನ ಫೋನು ಅಂಥ ಕಂಡಕ್ಟರ್ ಆಗಿತ್ತು.

ಸಂಖ್ಯೆಯಲ್ಲಿ ನೋಡೋಣ. ಒಂದು ಸರ್ವರಿನ ಪ್ರಮಾಣಪತ್ರ 2026ರ ಏಪ್ರಿಲ್ 1ರಿಂದ ಜೂನ್ 30ರವರೆಗೆ ಚಾಲ್ತಿ ಎಂದಿಟ್ಟುಕೊಳ್ಳಿ. ಇಂದು ಮೇ 10. ಸರಿಯಾದ ಗಡಿಯಾರವಿರುವ ಫೋನು ಎರಡೂ ತುದಿಗಳ ನಡುವೆ ಇಂದಿನ ದಿನ ಬೀಳುವುದನ್ನು ಕಂಡು ಮುಂದುವರಿಯುತ್ತದೆ. 2019ರಲ್ಲಿ ನಿಂತಿರುವ ಫೋನಿಗೆ ಇದು ಏಳು ವರ್ಷದ ನಂತರ ಹುಟ್ಟಲಿರುವ ಪತ್ರ. 2030 ಎಂದು ತೋರಿಸುವ ಫೋನಿಗೆ ಇದು ಎಂದೋ ಸತ್ತ ಪತ್ರ. ಎರಡರಲ್ಲಿಯೂ ಫಲ ಒಂದೇ, ಮಾತುಕತೆ ಶುರುವಾಗುವ ಮೊದಲೇ ಮುಗಿಯುತ್ತದೆ.

ಇದನ್ನು ಬ್ರೌಸರಿನಲ್ಲಿ ಕಣ್ಣಾರೆ ನೋಡಬಹುದು. ತಾರೀಖು ತಪ್ಪಿದ ಫೋನಿನಲ್ಲಿ ಕ್ರೋಮ್ ತೆರೆದು ಯಾವುದಾದರೂ ಜಾಲತಾಣಕ್ಕೆ ಹೋದರೆ, `Your clock is behind` ಅಥವಾ `Your clock is ahead` ಎಂಬ ದೊಡ್ಡ ಅಕ್ಷರಗಳೂ ಅದರೊಂದಿಗೆ `NET::ERR_CERT_DATE_INVALID` ಎಂಬ ಸಂಕೇತವೂ ಕಾಣುತ್ತವೆ. ತೊಂದರೆ ಎಲ್ಲಿದೆ ಎಂದು ಪತ್ತೆ ಹಚ್ಚಲು ಇದು ಒಳ್ಳೆಯ ಪರೀಕ್ಷೆ. ಒಂದಕ್ಕೊಂದು ಸಂಬಂಧವಿಲ್ಲದ ಮೂರು ನಾಲ್ಕು ತಾಣಗಳೂ ಹೀಗೆಯೇ ಹೇಳಿದರೆ ದೋಷ ನಿಮ್ಮ ಗಡಿಯಾರದ್ದು. ಒಂದೇ ತಾಣ ಹೇಳಿ ಉಳಿದವು ತೆರೆದುಕೊಂಡರೆ, ಆ ತಾಣದವರು ತಮ್ಮ ಪ್ರಮಾಣಪತ್ರವನ್ನು ನವೀಕರಿಸಲು ಮರೆತಿರುವ ಸಾಧ್ಯತೆಯೇ ಹೆಚ್ಚು.

ಇಲ್ಲಿ ಒಂದು ಸಣ್ಣ ಸ್ಪಷ್ಟನೆ. ಸಂದೇಶಗಳು ಹೋಗಿ ಬರುವ ದಾರಿಗೆ ವಾಟ್ಸ್‌ಆ್ಯಪ್ ಬ್ರೌಸರಿನ ವಿಧಾನವನ್ನಲ್ಲದೆ ನಾಯ್ಸ್ ಎಂಬ ಬೇರೆ ಚೌಕಟ್ಟನ್ನು ಬಳಸುತ್ತದೆ. ಆದ್ದರಿಂದ ಬ್ರೌಸರಿನಲ್ಲಿ ಬರುವ ಎಚ್ಚರಿಕೆಯೂ ವಾಟ್ಸ್‌ಆ್ಯಪ್‌ನ ಎಚ್ಚರಿಕೆಯೂ ಒಂದೇ ಯಂತ್ರದಿಂದ ಬಂದವು ಎಂದು ತಿಳಿಯಬಾರದು. ಎರಡಕ್ಕೂ ಬೇಕಾದದ್ದು ಮಾತ್ರ ಒಂದೇ: ನಂಬಬಹುದಾದ ಒಂದು ತಾರೀಖು.

ಹೇಗೂ ಆಗಲಿ ಎಂದು ಒಪ್ಪಿಕೊಂಡರೆ ಏನಾಗುತ್ತದೆ?

ತಾರೀಖು ತಪ್ಪಿದ್ದರೂ ಪರವಾಗಿಲ್ಲ ಎಂದು ಫೋನು ಒಪ್ಪಿಕೊಳ್ಳಬಾರದೇ ಎಂಬ ಪ್ರಶ್ನೆ ಸಹಜ. ಅದೇ ಕಂಡಕ್ಟರಿನ ಇನ್ನೊಂದು ಮುಖವನ್ನು ನೋಡಿದರೆ ಉತ್ತರ ಸಿಗುತ್ತದೆ. ಹಳೆಯ ಕ್ಯಾಲೆಂಡರ್ ನೋಡುವ ಕಂಡಕ್ಟರ್ ಈ ವರ್ಷದ ಪಾಸನ್ನು ತಿರಸ್ಕರಿಸುವುದು ಮಾತ್ರವಲ್ಲ, ಆ ಹಳೆಯ ವರ್ಷದ ಪಾಸನ್ನು ಯಾರಾದರೂ ಕಸದಿಂದ ಎತ್ತಿ ತಂದು ತೋರಿಸಿದರೆ ಅದನ್ನು ಸಂತೋಷವಾಗಿ ಒಪ್ಪಿಕೊಳ್ಳುತ್ತಾರೆ.

ಪ್ರಮಾಣಪತ್ರಕ್ಕೆ ಅವಧಿ ಇಟ್ಟಿರುವುದೇ ಈ ಕಾರಣಕ್ಕೆ. ಪತ್ರದ ಜೊತೆಗಿರುವ ಗುಟ್ಟಿನ ಕೀಲಿ ಎಂದಾದರೂ ಕಳವಾಗಬಹುದು. ಕಳವಾದದ್ದು ಗೊತ್ತಾದಾಗ ಪತ್ರವನ್ನು ರದ್ದು ಮಾಡುವ ವ್ಯವಸ್ಥೆ ಇದೆಯಾದರೂ, ಆ ಸುದ್ದಿ ಎಲ್ಲ ಫೋನುಗಳಿಗೂ ತಲುಪುತ್ತದೆ ಎಂಬ ಭರವಸೆಯಿಲ್ಲ. ತಾರೀಖು ಮುಗಿಯುವುದು ಮಾತ್ರ ಯಾವ ಸುದ್ದಿಯೂ ಬೇಕಿಲ್ಲದೆ ತಾನಾಗಿ ಆಗುತ್ತದೆ. ಆದರೆ ಫೋನಿನ ಗಡಿಯಾರವನ್ನು ಹಿಂದಕ್ಕೆ ತಳ್ಳಿದರೆ, ಅವಧಿ ಮುಗಿದು ಬಿದ್ದಿರುವ ಪತ್ರಕ್ಕೂ ಕದ್ದ ಕೀಲಿಗೂ ಜೀವ ಬಂದಂತಾಗುತ್ತದೆ. ಹಾಗಾಗಿ ತಪ್ಪಾದ ಗಡಿಯಾರ ಬರೀ ಅನನುಕೂಲವಲ್ಲ, ತೆರೆದಿಟ್ಟ ಹಿಂಬಾಗಿಲೂ ಹೌದು.

ಈ ಅವಧಿಗಳು ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತಿವೆ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಜಾಲತಾಣಗಳ ಪ್ರಮಾಣಪತ್ರಕ್ಕೆ 2020ರಿಂದ ಗರಿಷ್ಠ 398 ದಿನಗಳ ಮಿತಿ ಇತ್ತು. ಪತ್ರ ಕೊಡುವ ಸಂಸ್ಥೆಗಳು ಮತ್ತು ಬ್ರೌಸರ್ ತಯಾರಕರ ಒಕ್ಕೂಟವಾದ ಸಿಎ/ಬ್ರೌಸರ್ ಫೋರಂ 2025ರ ಏಪ್ರಿಲ್‌ನಲ್ಲಿ ಒಪ್ಪಿದ ವೇಳಾಪಟ್ಟಿಯಂತೆ, ಈ ಮಿತಿ 2026ರ ಮಾರ್ಚ್ 15ರಿಂದ 200 ದಿನಕ್ಕೆ, 2027ರ ಮಾರ್ಚ್ 15ರಿಂದ 100 ದಿನಕ್ಕೆ, 2029ರ ಮಾರ್ಚ್ 15ರಿಂದ 47 ದಿನಕ್ಕೆ ಇಳಿಯುತ್ತದೆ. ಮೊದಲು ಗಡಿಯಾರ ಎರಡು ಮೂರು ತಿಂಗಳು ತಪ್ಪಿದರೂ ಅದೃಷ್ಟವಿದ್ದರೆ ಕೆಲಸ ನಡೆಯುತ್ತಿತ್ತು. 47 ದಿನದ ಪತ್ರಗಳ ಕಾಲದಲ್ಲಿ ತಿಂಗಳು ತಪ್ಪಿದರೂ ಹೆಚ್ಚಿನ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ಕೆಲವು ನಿಮಿಷಗಳ ವ್ಯತ್ಯಾಸ ಮಾತ್ರ ಪ್ರಮಾಣಪತ್ರದ ಮಟ್ಟಿಗೆ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ.

ಆ್ಯಪ್‌ಗೂ ತನ್ನದೇ ಕಾರಣಗಳಿವೆ

ಸಂದೇಶದ ಆ್ಯಪ್ ಒಳಗೆ ದಿನವಿಡೀ ಸಮಯದ ಲೆಕ್ಕ ನಡೆಯುತ್ತಿರುತ್ತದೆ. ಸ್ಟೇಟಸ್ 24 ಗಂಟೆಗೆ ಮಾಯವಾಗಬೇಕು. ಕಳುಹಿಸಿದ ಸಂದೇಶವನ್ನು ತಿದ್ದಲು 15 ನಿಮಿಷ ಮಾತ್ರ ಅವಕಾಶ. ತಾನಾಗಿ ಅಳಿಯುವ ಸಂದೇಶಗಳಿಗೆ 24 ಗಂಟೆ, 7 ದಿನ ಅಥವಾ 90 ದಿನದ ಗಡುವು. 2019ರಲ್ಲಿ ನಿಂತ ಫೋನಿಗೆ ಈ ಯಾವ ಗಡುವೂ ಅರ್ಥವಾಗುವುದಿಲ್ಲ.

ಆ್ಯಪ್‌ನ ಆವೃತ್ತಿಗೂ ಆಯುಸ್ಸು ಇದೆ. ವಾಟ್ಸ್‌ಆ್ಯಪ್‌ನ ಪ್ರತಿ ಆವೃತ್ತಿಯೂ ಒಂದು ದಿನದ ನಂತರ ತಾನು ಹಳೆಯದಾಯಿತು, ಹೊಸದನ್ನು ಹಾಕಿಕೊಳ್ಳಿ ಎನ್ನುತ್ತದೆ. ಫೋನಿನ ತಾರೀಖು ವರ್ಷಗಟ್ಟಲೆ ಮುಂದೆ ಹೋಗಿದ್ದರೆ, ನಿನ್ನೆ ಹಾಕಿದ ಆ್ಯಪ್ ಕೂಡ ಅವಧಿ ಮುಗಿಯಿತು ಎಂದು ಹಟ ಹಿಡಿಯುತ್ತದೆ. ಪ್ಲೇ ಸ್ಟೋರ್‌ಗೆ ಹೋದರೆ ಅದೇ ತಪ್ಪು ತಾರೀಖಿನಿಂದಾಗಿ ಅಲ್ಲಿಯೂ ಸಂಪರ್ಕ ಸಿಗುವುದಿಲ್ಲ. ಇದನ್ನರಿತ ಕೆಲವರು ಉಲ್ಟಾ ಉಪಾಯ ಮಾಡುತ್ತಾರೆ. ಅಪ್‌ಡೇಟ್ ಸಿಗದ ಹಳೆಯ ಫೋನಿನಲ್ಲಿ ಆ್ಯಪ್ ಹಳೆಯದಾದಾಗ, ತಾರೀಖನ್ನು ಹಿಂದಕ್ಕೆ ಇಟ್ಟು ಅದನ್ನು ಯಾಮಾರಿಸಲು ನೋಡುತ್ತಾರೆ. ಆಗ ಅವಧಿಯ ಎಚ್ಚರಿಕೆಯ ಜಾಗದಲ್ಲಿ ತಾರೀಖು ತಪ್ಪಿದೆ ಎಂಬ ಎಚ್ಚರಿಕೆ ಬಂದು ಕೂರುತ್ತದೆ. ಒಂದು ಬಾಗಿಲು ತೆರೆಯಲು ಹೋಗಿ ಇನ್ನೊಂದನ್ನು ಹಾಕಿಕೊಂಡಂತೆ.

ತಪ್ಪು ಗೊತ್ತಾದ ಮೇಲೆ ಆ್ಯಪ್ ತಾನೇ ಗಡಿಯಾರ ಸರಿಪಡಿಸಬಹುದಲ್ಲ ಎನ್ನಬಹುದು. ಅದಕ್ಕೆ ಆಂಡ್ರಾಯ್ಡ್ ಅನುಮತಿ ಕೊಡುವುದಿಲ್ಲ. ಫೋನಿನ ಸಮಯ ಬದಲಿಸುವ ಹಕ್ಕು ವ್ಯವಸ್ಥೆಯ ಭಾಗವಾಗಿರುವ ಆ್ಯಪ್‌ಗಳಿಗೆ ಮಾತ್ರ ಇದೆ. ನಾವು ಹಾಕಿಕೊಂಡ ಆ್ಯಪ್‌ಗಳಿಗೆ ಇಲ್ಲ. ಇದು ಸರಿಯಾದ ನಿಯಮವೇ. ಸಿಕ್ಕ ಸಿಕ್ಕ ಟಾರ್ಚ್ ಆ್ಯಪ್ ಕೂಡ ಗಡಿಯಾರ ತಿರುಗಿಸಬಹುದಾಗಿದ್ದರೆ, ಮೇಲೆ ಹೇಳಿದ ಹಿಂಬಾಗಿಲು ಎಲ್ಲರಿಗೂ ತೆರೆದಿರುತ್ತಿತ್ತು. ಹಾಗಾಗಿ ವಾಟ್ಸ್‌ಆ್ಯಪ್ ನಮಗೆ ಹೇಳಿ ಸುಮ್ಮನಿರುವುದನ್ನು ಬಿಟ್ಟು ಬೇರೇನೂ ಮಾಡಲಾಗದು.

ಸರಿಯಾದ ಸಮಯ ಎಲ್ಲಿಂದ ಬರುತ್ತದೆ?

ಫೋನಿಗೆ ಸಮಯ ಹೇಳುವವರು ಮುಖ್ಯವಾಗಿ ಇಬ್ಬರು. ಮೊದಲನೆಯದು ಸಿಮ್ ಕಂಪನಿಯ ಜಾಲ. ಫೋನು ಟವರಿಗೆ ನೋಂದಾಯಿಸಿಕೊಂಡಾಗ ಜಾಲವು ಅಂದಿನ ತಾರೀಖು, ಸಮಯ ಮತ್ತು ಸಮಯ ವಲಯವನ್ನು ಕಳುಹಿಸಬಲ್ಲದು. ಇದಕ್ಕೆ ನಿಟ್ಜ್ ಎಂದು ಹೆಸರು. ಎರಡನೆಯದು ಇಂಟರ್ನೆಟ್‌ನಲ್ಲಿರುವ ಸಮಯದ ಸರ್ವರುಗಳು. ಇವುಗಳೊಂದಿಗೆ ಮಾತಾಡುವ ವಿಧಾನದ ಹೆಸರು ಎನ್‌ಟಿಪಿ. ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದಲ್ಲಿದ್ದ ಡೇವಿಡ್ ಮಿಲ್ಸ್ 1980ರ ದಶಕದಲ್ಲಿ ರೂಪಿಸಿದ ಈ ವಿಧಾನ ಇಂದಿಗೂ ನಡೆಯುತ್ತಿದೆ. ಗೂಗಲ್ ಆಂಡ್ರಾಯ್ಡ್ ಫೋನುಗಳಿಗಾಗಿ `time.android.com` ಎಂಬ ಸರ್ವರ್ ನಡೆಸುತ್ತದೆ. ಭಾರತದ ಅಧಿಕೃತ ಸಮಯವನ್ನು ಪರಮಾಣು ಗಡಿಯಾರಗಳ ಮೂಲಕ ಕಾಯುವ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವೂ `time.nplindia.org` ಎಂಬ ವಿಳಾಸದಲ್ಲಿ ಸಮಯ ಕೊಡುತ್ತದೆ.

ದೂರದ ಸರ್ವರನ್ನು ಸಮಯ ಕೇಳಿದರೆ ಉತ್ತರ ಬರುವಷ್ಟರಲ್ಲಿ ಸಮಯ ಕಳೆದಿರುತ್ತದಲ್ಲ? ಎನ್‌ಟಿಪಿಯ ಜಾಣತನ ಇಲ್ಲೇ ಇದೆ. ಹೆಚ್ಚು ತಪ್ಪಿರದ ಒಂದು ಫೋನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಫೋನು ತನ್ನ ಗಡಿಯಾರದಲ್ಲಿ 10:00:00 ಆದಾಗ ಪ್ರಶ್ನೆ ಕಳುಹಿಸಿತು. ಸರ್ವರ್ ಅದನ್ನು ತನ್ನ 10:05:01ಕ್ಕೆ ಪಡೆದು ಕೂಡಲೇ ಉತ್ತರಿಸಿತು. ಉತ್ತರ ಫೋನಿಗೆ ಬಂದಾಗ ಫೋನಿನ ಗಡಿಯಾರ 10:00:02 ಎನ್ನುತ್ತಿತ್ತು. ಹೋಗಿ ಬರಲು ಒಟ್ಟು ಎರಡು ಸೆಕೆಂಡ್ ಆಯಿತು, ಅಂದರೆ ಒಂದು ಬದಿಗೆ ಒಂದು ಸೆಕೆಂಡ್ ಎಂದು ಲೆಕ್ಕ. ಉತ್ತರ ತಲುಪಿದ ಕ್ಷಣದಲ್ಲಿ ನಿಜವಾದ ಸಮಯ 10:05:02 ಆಗಿರಬೇಕು; ಫೋನು ಸರಿಯಾಗಿ ಐದು ನಿಮಿಷ ಹಿಂದಿದೆ. ಹೋಗುವ ದಾರಿಗೂ ಬರುವ ದಾರಿಗೂ ಸಮಾನ ಹೊತ್ತು ಹಿಡಿಯುತ್ತದೆ ಎಂಬ ಒಂದೇ ಊಹೆಯ ಮೇಲೆ ಇದು ನಿಂತಿದೆ. ಆ ಊಹೆ ಸ್ವಲ್ಪ ತಪ್ಪಿದರೂ ಆಗುವ ವ್ಯತ್ಯಾಸ ಸೆಕೆಂಡಿನ ಭಾಗಗಳಲ್ಲಿ ಇರುತ್ತದೆ, ನಮ್ಮ ಕೆಲಸಕ್ಕೆ ಧಾರಾಳ ಸಾಕು.

ಇಲ್ಲಿ ಒಂದು ಗಂಟು ಕಾಣಿಸುತ್ತದೆ. ಸುರಕ್ಷಿತ ಸಂಪರ್ಕಕ್ಕೆ ಸರಿಯಾದ ತಾರೀಖು ಬೇಕು. ಸರಿಯಾದ ತಾರೀಖು ತರಲು ಸಂಪರ್ಕ ಬೇಕು. ಸಾಮಾನ್ಯ ಎನ್‌ಟಿಪಿ ಪ್ರಮಾಣಪತ್ರವನ್ನು ಕೇಳುವುದೇ ಇಲ್ಲವಾದ್ದರಿಂದ ಈ ಗಂಟು ಬಿಡಿಸಿಕೊಳ್ಳುತ್ತದೆ. 1970ರಲ್ಲಿ ನಿಂತ ಫೋನು ಕೂಡ ಸಮಯ ಕೇಳಿ ಪಡೆಯಬಹುದು. ಅದರ ಬೆಲೆ ಏನೆಂದರೆ, ಬಂದ ಉತ್ತರ ನಿಜವಾದ ಸರ್ವರಿನದೇ ಎಂದು ಖಚಿತಪಡಿಸಿಕೊಳ್ಳುವ ಸಾಧನ ಅದರಲ್ಲಿ ಇಲ್ಲ.

ಗಂಟೆ ಬದಲಿಸಬೇಡಿ, ವಲಯ ಬದಲಿಸಿ

ತಾರೀಖು ಸರಿಯಾಗಿದ್ದು ಗಂಟೆ ಮಾತ್ರ ತಪ್ಪಿರುವ ಪ್ರಕರಣಗಳು ವಿದೇಶಕ್ಕೆ ಹೋದವರಲ್ಲಿ ಹೆಚ್ಚು. ಮಂಗಳೂರಿನಿಂದ ದುಬೈಗೆ ಇಳಿದವರು ಅಲ್ಲಿಯ ಗೋಡೆ ಗಡಿಯಾರ ನೋಡಿ ಫೋನಿನ ಗಂಟೆಯನ್ನು ಒಂದೂವರೆ ಗಂಟೆ ಹಿಂದಕ್ಕೆ ಇಡುತ್ತಾರೆ. ಪರದೆಯ ಮೇಲೆ ಸಮಯ ಸರಿ ಕಾಣುತ್ತದೆ, ಆದರೆ ಒಳಗೆ ಆದದ್ದೇ ಬೇರೆ. ಭಾರತದಲ್ಲಿ ಬೆಳಗಿನ 10:00 ಆದಾಗ ದುಬೈಯಲ್ಲಿ 8:30, ಯುಟಿಸಿಯಲ್ಲಿ 4:30. ವಲಯವನ್ನು ಭಾರತ ಎಂದೇ ಬಿಟ್ಟು ಗಂಟೆಯನ್ನು 8:30ಕ್ಕೆ ಇಟ್ಟರೆ, ಫೋನು ಅದರಿಂದ ಐದೂವರೆ ಕಳೆದು ಯುಟಿಸಿ 3:00 ಎಂದು ತಿಳಿಯುತ್ತದೆ. ಜಗತ್ತಿಗಿಂತ ಅದು ಒಂದೂವರೆ ಗಂಟೆ ಹಿಂದೆ ಬಿದ್ದಿತು.

ತಿಂಗಳುಗಟ್ಟಲೆ ಚಾಲ್ತಿ ಇರುವ ಪ್ರಮಾಣಪತ್ರಕ್ಕೆ ಒಂದೂವರೆ ಗಂಟೆ ದೊಡ್ಡದಲ್ಲ. ಆದರೆ ಲಾಗಿನ್‌ಗಾಗಿ ಆರಂಕಿಯ ಸಂಖ್ಯೆ ತೋರಿಸುವ ಅಥೆಂಟಿಕೇಟರ್ ಆ್ಯಪ್‌ಗಳು ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಆ ಸಂಖ್ಯೆಯನ್ನು ಗಡಿಯಾರದಿಂದಲೇ ಲೆಕ್ಕ ಹಾಕುತ್ತವೆ. ಒಂದೂವರೆ ಗಂಟೆ ಹಿಂದಿರುವ ಫೋನು 180 ಸಂಖ್ಯೆಗಳಷ್ಟು ಹಿಂದಿರುತ್ತದೆ. ಅದು ತೋರಿಸುವುದು ಎಂದೋ ಹಳಸಿದ ಸಂಖ್ಯೆ. ವಲಯವನ್ನು ದುಬೈ ಎಂದು ಬದಲಿಸಿದ್ದರೆ ಒಳಗಿನ ಎಣಿಕೆ ಕದಲುತ್ತಲೇ ಇರಲಿಲ್ಲ, ತೋರಿಕೆ ಮಾತ್ರ ಬದಲಾಗುತ್ತಿತ್ತು.

ಸಾಗರದ ಫೋನನ್ನು ಸರಿ ಮಾಡಿದ ಬಗೆ

ಇಷ್ಟೆಲ್ಲ ವ್ಯವಸ್ಥೆ ಇದ್ದೂ ದೊಡ್ಡಮ್ಮನ ಫೋನು ತಾನಾಗಿ ಏಕೆ ಸರಿಹೋಗಲಿಲ್ಲ? ಸೆಟ್ಟಿಂಗ್ಸ್‌ನಲ್ಲಿ `System`, ಅದರೊಳಗೆ `Date & time` ತೆರೆದಾಗ ಗುಟ್ಟು ಬಯಲಾಯಿತು. ತಾನಾಗಿ ಸಮಯ ಪಡೆಯುವ ಗುಂಡಿ ಆಫ್ ಆಗಿತ್ತು. ವಿಚಾರಿಸಿದಾಗ, ಬೇಸಿಗೆ ರಜೆಯಲ್ಲಿ ಬಂದ ದೊಡ್ಡ ಮೊಮ್ಮಗನ ಕೈಚಳಕ ಎಂದು ಗೊತ್ತಾಯಿತು. ಅವನು ಆಡುವ ಆಟದಲ್ಲಿ ಜೀವಗಳು ಮುಗಿದರೆ ಕೆಲವು ಗಂಟೆ ಕಾಯಬೇಕು. ಗಡಿಯಾರ ಮುಂದಿಟ್ಟರೆ ಕಾಯಬೇಕಿಲ್ಲ. ಆಟ ಮುಗಿದ ಮೇಲೆ ಸಮಯವನ್ನು ಕೈಯಿಂದ ಸರಿಮಾಡಿದ್ದ, ಗುಂಡಿಯನ್ನು ಮರೆತಿದ್ದ. ಬ್ಯಾಟರಿ ಬತ್ತುವವರೆಗೆ ಅದು ಯಾರ ಗಮನಕ್ಕೂ ಬಂದಿರಲಿಲ್ಲ.

ಹೊಸ ಆಂಡ್ರಾಯ್ಡ್ ಫೋನುಗಳಲ್ಲಿ ಆ ಗುಂಡಿಯ ಹೆಸರು `Set time automatically`, ಇನ್ನು ಕೆಲವದರಲ್ಲಿ `Automatic date & time`. ಐಫೋನಿನಲ್ಲಿ `General` ಒಳಗಿನ `Date & Time` ಪುಟದಲ್ಲಿ `Set Automatically` ಎಂದಿರುತ್ತದೆ. ಅದನ್ನು ಆನ್ ಮಾಡಿ, ಸಮಯ ವಲಯ ಭಾರತದ್ದೇ ಇದೆಯೇ ಎಂದು ನೋಡಿ, ಒಂದೆರಡು ನಿಮಿಷ ಕಾದರೆ ಸಾಮಾನ್ಯವಾಗಿ ಸಾಕು. ನಮಗೆ ಹಾಗಾಗಲಿಲ್ಲ, ವೈ-ಫೈ ಇದ್ದರೂ ತಾರೀಖು ಕದಲಲಿಲ್ಲ. ಎನ್‌ಟಿಪಿಯ ಪ್ರಶ್ನೆಗಳು 123 ಎಂಬ ಸಂಖ್ಯೆಯ ಪೋರ್ಟ್ ಮೂಲಕ ಹೋಗುತ್ತವೆ. ಕೆಲವು ಕಚೇರಿ, ಹಾಸ್ಟೆಲ್, ಹೋಟೆಲುಗಳ ವೈ-ಫೈ ಅದನ್ನು ತಡೆಯುತ್ತದೆ, ಮನೆಯ ರೌಟರಿನಲ್ಲೂ ಯಾರಾದರೂ ಹಾಗೆ ಇಟ್ಟಿರಬಹುದು. ವೈ-ಫೈ ಬಿಟ್ಟು ಮೊಬೈಲ್ ಡೇಟಾ ಹಾಕಿ, ಏರೋಪ್ಲೇನ್ ಮೋಡನ್ನು ಒಮ್ಮೆ ಆನ್ ಮಾಡಿ ಆಫ್ ಮಾಡಿದೆ. ಟವರ್ ಮತ್ತೆ ಸಿಕ್ಕ ಅರ್ಧ ನಿಮಿಷದಲ್ಲಿ 2019 ಹೋಗಿ ಇಂದಿನ ದಿನ ಬಂದಿತು. ಹೀಗೂ ಆಗದಿದ್ದರೆ, ಗುಂಡಿಯನ್ನು ತಾತ್ಕಾಲಿಕವಾಗಿ ಆಫ್ ಮಾಡಿ, ವರ್ಷವನ್ನು ಮರೆಯದೆ ನೋಡಿ, ಕೈಯಿಂದಲೇ ಸರಿಯಾದ ದಿನ ಮತ್ತು ಗಂಟೆ ಇಡಬಹುದು. ತಾರೀಖು, ತಿಂಗಳು, ಗಂಟೆ ಸರಿಯಿದ್ದು ವರ್ಷ ಮಾತ್ರ ತಪ್ಪಿರುವುದು ಎಷ್ಟೋ ಸಲ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಫೋನಿನ ಮುಖಪರದೆಯಲ್ಲಿ ವರ್ಷ ಸಾಮಾನ್ಯವಾಗಿ ಕಾಣುವುದೇ ಇಲ್ಲ.

ಒಂದು ಕೆಲಸವನ್ನು ಮಾತ್ರ ಮಾಡಬಾರದು. ಎಚ್ಚರಿಕೆ ಕಂಡ ಕೂಡಲೇ ಆ್ಯಪನ್ನು ತೆಗೆದು ಮತ್ತೆ ಹಾಕುವ ಅಭ್ಯಾಸ ಅನೇಕರಿಗಿದೆ. ದೋಷ ಆ್ಯಪ್‌ನದಲ್ಲವಾದ್ದರಿಂದ ಅದು ಸರಿಹೋಗುವುದಿಲ್ಲ; ಬ್ಯಾಕಪ್ ಇಲ್ಲದ ಸಂದೇಶಗಳು ಹೋಗಬಹುದು; ತಪ್ಪು ತಾರೀಖಿನಲ್ಲಿ ಹೊಸದಾಗಿ ಇಳಿಸಿಕೊಳ್ಳುವುದೂ, ನಂಬರ್ ನೋಂದಾಯಿಸುವುದೂ ಸಿಕ್ಕಿಹಾಕಿಕೊಳ್ಳುತ್ತವೆ. ನಾನು ಮನೆ ತಲುಪುವ ಹೊತ್ತಿಗೆ ದೊಡ್ಡಮ್ಮನ ಬೆರಳು `Uninstall` ಎಂಬುದರ ಹತ್ತಿರವೇ ಇತ್ತು.

ಗಡಿಯಾರ ಪ್ರತಿ ಸಲ ಆಫ್ ಮಾಡಿ ಆನ್ ಮಾಡಿದಾಗಲೂ ಹಿಂದಕ್ಕೆ ಹೋದರೆ, ಅಥವಾ ಚಾರ್ಜ್ ಸ್ವಲ್ಪ ಇಳಿದರೂ ತಾರೀಖು ಅಳಿಸುತ್ತಿದ್ದರೆ, ಸೆಟ್ಟಿಂಗ್ಸ್ ಹುಡುಕಿ ಪ್ರಯೋಜನವಿಲ್ಲ. ಎಣಿಕೆಯ ಭಾಗಕ್ಕೆ ವಿದ್ಯುತ್ ಸಿಗುತ್ತಿಲ್ಲ ಎಂದರ್ಥ. ಬ್ಯಾಟರಿ ಅಥವಾ ಬೋರ್ಡನ್ನು ರಿಪೇರಿಯವರಿಗೆ ತೋರಿಸಬೇಕು.

ತಾರೀಖು ಬದಲಾದ ಮೇಲೆ ವಾಟ್ಸ್‌ಆ್ಯಪನ್ನು ಪೂರ್ತಿ ಮುಚ್ಚಿ ಮತ್ತೆ ತೆರೆದೆವು. ಇಪ್ಪತ್ತು ದಿನದ ಸಂದೇಶಗಳು ಒಂದರ ಹಿಂದೊಂದು ಸುರಿದವು. ತಲುಪದ ಸಂದೇಶಗಳನ್ನು ವಾಟ್ಸ್‌ಆ್ಯಪ್ ತನ್ನ ಸರ್ವರಿನಲ್ಲಿ 30 ದಿನ ಮಾತ್ರ ಇಟ್ಟುಕೊಳ್ಳುತ್ತದೆ, ಇನ್ನೂ ಹತ್ತು ದಿನ ಕಳೆದಿದ್ದರೆ ಮೊದಲ ದಿನಗಳವು ಸಿಗುತ್ತಿರಲಿಲ್ಲ. ಮೊಮ್ಮಗುವಿನ ಆ ಮೂರು ಫೋಟೊ ಮಾತ್ರ ಗ್ಯಾಲರಿಯ ಮೇಲ್ತುದಿಯಲ್ಲಿ ಕಾಣಲಿಲ್ಲ. ಅಳಿಸಿಹೋಯಿತೆಂದು ದೊಡ್ಡಮ್ಮ ಮತ್ತೆ ಗಾಬರಿಯಾದರು. ಕ್ಯಾಮೆರಾ ಫೋಟೊ ತೆಗೆದ ಕ್ಷಣದ ತಾರೀಖನ್ನೇ ಅದರೊಳಗೂ ಹೆಸರಿನಲ್ಲೂ ಬರೆಯುತ್ತದೆ, ಗಡಿಯಾರ ಆಮೇಲೆ ಸರಿಹೋದರೂ ಅದು ಬದಲಾಗುವುದಿಲ್ಲ. ಬೆರಳಿನಿಂದ ಉಜ್ಜುತ್ತ ವರ್ಷಗಟ್ಟಲೆ ಕೆಳಗೆ ಇಳಿದು 2019ರ ಆಗಸ್ಟ್‌ಗೆ ಬಂದಾಗ, ಯಾರದೋ ಹಳೆಯ ಮದುವೆಯ ಚಿತ್ರಗಳ ಪಕ್ಕದಲ್ಲಿ, `IMG_20190805` ಎಂದು ಶುರುವಾಗುವ ಹೆಸರಿನೊಂದಿಗೆ, ಆಗಿನ್ನೂ ಹುಟ್ಟಿರದ ಮಗು ಮೂರು ಚಿತ್ರಗಳಲ್ಲಿ ನಗುತ್ತಿತ್ತು.